ಎಂಟು ನಿಮಿಷದ ಪಾರ್ಟು

"ಎಂಟು ನಿಮಿಷಕ್ಕೆ ಮೂರು ದಿನ ರಜೇನಾ?"

ಸೋಮವಾರ ಮ್ಯಾನೇಜರ್ ಕೇಳಿದ್ದು. ಇವತ್ತು ಗುರುವಾರ, ಇನ್ನೂ ಕಿವಿಯಲ್ಲೇ ಇದೆ. ತಪ್ಪು ನನ್ನದೇ. ನಾಟಕದಲ್ಲಿ ನಿಮ್ಮ ಪಾರ್ಟು ಎಷ್ಟು ಹೊತ್ತು ಅಂದಾಗ "ಕೊನೆ ತನಕ ಇರ್ತೀನಿ ಸರ್" ಅಂದಿದ್ದರೆ ಸಾಕಿತ್ತು. ನಾನು ಮನಸ್ಸಿನಲ್ಲೇ ಕೂಡಿ ಎಂಟು ನಿಮಿಷ ಅಂದುಬಿಟ್ಟೆ. ಹನ್ನೊಂದು ವರ್ಷ ಅಕೌಂಟ್ಸ್‌ನಲ್ಲಿ ಕೂತವನ ಚಟ.

ಅಸಲಿಗೆ ನಾನು ಕೇಳಿದ್ದು ಎರಡೇ ದಿನ, ಶನಿವಾರ ಮತ್ತು ಸೋಮವಾರ. ರಾಜ್ಯಮಟ್ಟದ ನಾಟಕೋತ್ಸವದಲ್ಲಿ ನಮ್ಮ ಪ್ರದರ್ಶನ ಇರುವುದು ಭಾನುವಾರ ಸಂಜೆ. ಆದರೆ ನಮ್ಮ ಆಫೀಸಿನಲ್ಲಿ ರಜೆಯ ಮಧ್ಯೆ ಸಿಕ್ಕಿಬಿದ್ದ ಭಾನುವಾರವೂ ರಜೆಯ ಖಾತೆಗೇ ಹೋಗುತ್ತದೆ. ಹಾಗಾಗಿ ಮೂರು. ಕ್ರಿಕೆಟ್ ಟೂರ್ನಮೆಂಟಿಗೆ ಹೋಗುವವರಿಗೆ ಈ ಲೆಕ್ಕ ಇಲ್ಲ. ಅವರ ಟೀ ಶರ್ಟಿನ ಬೆನ್ನ ಮೇಲೆ ಕಂಪನಿ ಹೆಸರಿದೆ, ಅದು ಡ್ಯೂಟಿ. ನನ್ನ ಬೆನ್ನ ಮೇಲಿರುವುದು ಹರಿದ ಕಂಬಳಿ.

ಆಗ ಬಾಯಿಗೆ ಬಾರದ ಉತ್ತರ ರಾತ್ರಿ ಹಾಸಿಗೆಯಲ್ಲಿ ಸಲೀಸಾಗಿ ಬಂತು. ಸರ್, ಶನಿವಾರ ರಾತ್ರಿ ಹಿಂದಿನ ತಂಡದ ನಾಟಕ ಮುಗಿದು, ಅವರು ಸೆಟ್ ಬಿಚ್ಚಿದ ಮೇಲೆ ರಂಗ ನಮ್ಮ ಕೈಗೆ ಸಿಗುವುದು. ರಾತ್ರಿಯೇ ನಮ್ಮ ಸೆಟ್ ನಿಲ್ಲಿಸಬೇಕು. ಅದನ್ನು ಹೊರುವುದಕ್ಕೆ ಹವ್ಯಾಸಿ ತಂಡದಲ್ಲಿ ಬೇರೆ ಆಳುಗಳಿಲ್ಲ. ರಾಜನ ಪಾರ್ಟಿನವನೂ ಹೊರಬೇಕು. (ನಮ್ಮ ರಾಜನಿಗೆ ಸರಿಯಾಗಿ ಅದೇ ಹೊತ್ತಿಗೆ ಸೊಂಟ ಹಿಡಿಯುತ್ತದೆ, ಅದು ಬೇರೆ ಕಥೆ.) ಭಾನುವಾರ ಬೆಳಗ್ಗೆ ಲೈಟ್ ಫೋಕಸ್. ಯಾವ ದೀಪ ಯಾರ ಮುಖಕ್ಕೆ ಬೀಳಬೇಕು ಅಂತ ತಿರುಗಿಸಿ ಬಿಗಿಯುವಾಗ ಆಯಾ ಜಾಗದಲ್ಲಿ ಆಯಾ ನಟ ನಿಂತಿರಬೇಕು. ಬೇರೆಯವರನ್ನು ನಿಲ್ಲಿಸಿದರೆ ಎತ್ತರ ಹೊಂದುವುದಿಲ್ಲ, ಸಂಜೆ ಬೆಳಕು ಎದೆಗೆ ಬಿದ್ದು ಮುಖ ಕತ್ತಲಾಗುತ್ತದೆ. ಸೋಮವಾರ ಬೆಳಗ್ಗೆ ಪ್ರೇಕ್ಷಕರ ಜೊತೆ ಸಂವಾದ.

ಇಷ್ಟೂ ಹೇಳಿದ್ದರೂ ಮುಖ್ಯವಾದದ್ದು ಉಳಿದೇಬಿಡುತ್ತಿತ್ತು. ನಾನು ಊರ ಕಾವಲುಗಾರ. ಪೂರ್ತಿ ಕತ್ತಲಲ್ಲಿ ಲಾಂದ್ರ ಹಿಡಿದು ಬಲಗಡೆಯಿಂದ ಬಂದು ನಡುವಿನ ಕಟ್ಟೆಯ ಹತ್ತಿರ ನಿಲ್ಲಬೇಕು. ಒಳಗಿನಿಂದ ಮೇಳದವರ ಹಾಡು ನಿಂತ ಕೂಡಲೇ ಬೆಳಕು ಬರುತ್ತದೆ. ನಾವು ತಾಲೀಮು ಮಾಡುವ ಕೋಣೆಯ ಅಗಲ 18 ಅಡಿ, ಅಲ್ಲಿ ನಡುವಿಗೆ ಐದು ಹೆಜ್ಜೆ. ಉತ್ಸವದವರು ಕಳಿಸಿದ ಪತ್ರದಲ್ಲಿ ರಂಗದ ಅಗಲ 36 ಅಡಿ. ಅಂದರೆ ಹತ್ತು ಹೆಜ್ಜೆ. ಹಾಡು ಮಾತ್ರ ಅಷ್ಟೇ ಉದ್ದ. ಹಳೇ ನಡಿಗೆಯಲ್ಲೇ ಬಂದರೆ ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತೇನೆ. ಬೆಳಕೆಲ್ಲ ಖಾಲಿ ಕಟ್ಟೆಗೆ. ಓಡಿದರೆ ಅವನು ಕಾವಲುಗಾರನಲ್ಲ, ಕಳ್ಳ. ಒಂದೋ ಮೇಳದವರು ಇನ್ನೊಂದು ಸಲ ಪಲ್ಲವಿ ಎತ್ತಬೇಕು, ಇಲ್ಲವೇ ನಾನು ಒಳಗಿನ ಪರದೆಯ ಪಕ್ಕದಿಂದ ಬರಬೇಕು. ಯಾವುದು ಅನ್ನುವುದು ಆ ಹಲಗೆಯ ಮೇಲೆ ನಡೆದೇ ಗೊತ್ತಾಗಬೇಕು.

ಮ್ಯಾನೇಜರ್ ಕೆಟ್ಟವರಲ್ಲ. ತಿಂಗಳ ಕೊನೆ, ಅವರ ತಲೆಯ ಮೇಲೂ ಒಬ್ಬರಿದ್ದಾರೆ. ಎರಡು ತಿಂಗಳ ಹಿಂದೆ ಉತ್ಸವಕ್ಕೆ ಅರ್ಜಿ ಹಾಕಿದಾಗಲೇ ಅವರಿಗೊಂದು ಮಾತು ಹೇಳಬಹುದಿತ್ತು. ಆಯ್ಕೆ ಆಗದಿದ್ದರೆ ನಗೆಪಾಟಲು ಅಂತ ಮುಚ್ಚಿಟ್ಟೆ. ಪತ್ರ ಬಂದದ್ದು ಹನ್ನೆರಡು ದಿನ ಮೊದಲು. ನಾನು ಧೈರ್ಯ ಕೂಡಿಸಿಕೊಂಡು ಕ್ಯಾಬಿನ್ನಿಗೆ ಹೋಗುವಾಗ ಆರೇ ದಿನ ಉಳಿದಿತ್ತು. ಸಾವಿರ ಜನರ ಮುಂದೆ ನಿಲ್ಲುವವನಿಗೆ ಒಬ್ಬ ಮನುಷ್ಯನ ಮುಂದೆ ಬಾಯಿ ಒಣಗುತ್ತದೆ. ಅಲ್ಲಿ ಬೇರೆಯವರು ಬರೆದುಕೊಟ್ಟ ಮಾತಿರುತ್ತದೆ, ಇಲ್ಲಿ ಇಲ್ಲ ಅಲ್ವಾ.

ಬುಧವಾರ ತೀರ್ಮಾನ ಬಂತು. ಶನಿವಾರ ರಜೆ. ಸೋಮವಾರ ಮಧ್ಯಾಹ್ನದಿಂದ ಕೆಲಸ. ಶುಕ್ರವಾರದೊಳಗೆ ಬ್ಯಾಂಕ್ ತಾಳೆ ಮುಗಿಸಿ ಪಕ್ಕದ ಟೇಬಲ್ಲಿನವರಿಗೆ ಒಪ್ಪಿಸಬೇಕು. ಅರ್ಧ ದಿನದ ರಜೆಗೆ ಭಾನುವಾರ ಸೇರುತ್ತೋ ಇಲ್ಲವೋ ಎಂದು ಕೇಳಿದ್ದಕ್ಕೆ ಎಚ್.ಆರ್. ಹುಡುಗಿ ಕಂಪ್ಯೂಟರನ್ನೇ ದಿಟ್ಟಿಸಿ ಕೂತಳು. ನಾನಂತೂ ಭಾನುವಾರ ರಾತ್ರಿ ಸೆಟ್ ಬಿಚ್ಚಿ ಲಾರಿಗೆ ಏರಿಸಿ, ಬಸ್ಸು ಹತ್ತಬೇಕು. ಸಂವಾದ ತಪ್ಪಿತು. ಹೊಟ್ಟೆ ಉರಿಯುವುದು ಅದಕ್ಕೇ. ನಮ್ಮ ಊರಿನವರು ಯಾವಾಗಲೂ "ಚೆನ್ನಾಗಿತ್ತು" ಎನ್ನುತ್ತಾರೆ. ಪರಿಚಯವಿಲ್ಲದವರು ಬಾಯಿಬಿಟ್ಟು ಬೈಯುವುದು ಸಂವಾದದಲ್ಲೇ.

ಇವತ್ತು ಊಟದ ಹೊತ್ತಿನಲ್ಲಿ ನಮ್ಮ ವರಾಂಡ ಖಾಲಿ ಇತ್ತು. ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಹಾಡು ಗುನುಗುತ್ತಾ ಹತ್ತು ಹೆಜ್ಜೆ ನಡೆದು ನೋಡುತ್ತಿದ್ದೆ. ಏಳನೆಯದಕ್ಕೆ ಹಾಡು ಮುಗಿಯುತ್ತಿತ್ತು. ಮೂರನೇ ಸಲ ತಿರುಗಿದಾಗ ಎದುರಿಗೆ ಮ್ಯಾನೇಜರ್.

"ಏನ್ರೀ ಇದು?"

"ಎಂಟು ನಿಮಿಷದಲ್ಲಿ ಮೊದಲನೇದು ಸರ್."

ಅವರು ಒಂದು ಕ್ಷಣ ಬಾಟಲಿ ನೋಡಿದರು. ಆಮೇಲೆ ಗೋಡೆಗೆ ಸರಿದು ದಾರಿ ಬಿಟ್ಟರು.