ರಾತ್ರಿ ಎರಡು ಗಂಟೆಗೆ ಡೌನ್‌ಲೋಡ್, ಬೆಳಗ್ಗೆ ಮೆಟ್ರೋದಲ್ಲಿ ಕೇಳುವುದು

ಪಾಡ್‌ಕಾಸ್ಟ್ ಕೇಳುಗರ ಅಧ್ಯಯನ ನನ್ನ ಕೆಲಸ. ಹೊಸ ತಂಡಗಳು ಮೊದಲು ತೋರಿಸುವುದು ಗಂಟೆವಾರು ಡೌನ್‌ಲೋಡ್ ಗ್ರಾಫ್: 'ನೋಡಿ, ನಮ್ಮವರು ಮಧ್ಯರಾತ್ರಿ ಕೇಳ್ತಾರೆ!' ಕೇಳುವುದಿಲ್ಲ. ಕಂತು ಬಿಡುಗಡೆಯಾದಾಗ ಮನೆಯ ವೈಫೈಯಲ್ಲಿ ಫೋನು ತಾನೇ ಇಳಿಸಿಕೊಂಡಿರುತ್ತದೆ. ಡಿಜಿಟಲ್ ಜಾಹೀರಾತು ಉದ್ಯಮದ ಸಂಸ್ಥೆ ಐಎಬಿಯ ನಿಯಮದಲ್ಲಿ ಒಂದು ನಿಮಿಷದಷ್ಟು ಆಡಿಯೊ ಇಳಿದರೆ ಒಂದು ಡೌನ್‌ಲೋಡ್ ಲೆಕ್ಕ. ಅದನ್ನು ಯಾರಾದರೂ ಕೇಳಿದರೋ ಇಲ್ಲವೋ ಸರ್ವರ್‌ಗೆ ತಿಳಿಯದು.

ಹಾಗಾಗಿ ಆಫೀಸಿಗೆ ಓಡಾಡುವವರ ವಿಷಯದಲ್ಲಿ ನಾನು ನಂಬುವುದು 'ನಿನ್ನೆಯ ಡೈರಿ'. 'ಸಾಮಾನ್ಯವಾಗಿ ಎಷ್ಟು ಕೇಳ್ತೀರಿ?' ಅಂದರೆ ಎಲ್ಲರೂ ತಮ್ಮ ಒಳ್ಳೆಯ ದಿನವನ್ನೇ ಹೇಳುತ್ತಾರೆ. ಅದರ ಬದಲು ನಿನ್ನೆಯ ಪ್ರಯಾಣವನ್ನು ತುಂಡು ಮಾಡಿ ಕೇಳಬೇಕು: ಸ್ಟೇಷನ್‌ವರೆಗೆ, ಪ್ಲಾಟ್‌ಫಾರ್ಮಿನಲ್ಲಿ, ರೈಲಿನೊಳಗೆ, ಇಳಿದ ಮೇಲೆ, ಪ್ರತಿ ತುಂಡಿನಲ್ಲೂ ಕಿವಿಯಲ್ಲಿ ಏನಿತ್ತು, ಯಾಕೆ ನಿಂತಿತು? ಉತ್ತರ ವಾಟ್ಸಾಪ್ ವಾಯ್ಸ್ ನೋಟ್‌ನಲ್ಲಿ ಸಾಕು, ಟೈಪ್ ಮಾಡಿ ಅಂದರೆ ಅರ್ಧ ಜನ ಬಿಟ್ಟೇಬಿಡುತ್ತಾರೆ. ಬೈಕಿನವರಿಗೆ ಪ್ರಶ್ನೆ ಹೋಗಬೇಕಾದದ್ದು ಅವರು ಆಫೀಸು ತಲುಪುವ ಹೊತ್ತು ದಾಟಿದ ಮೇಲೆ.

ಒಂದು ಡೈರಿ ಹೇಳುತ್ತೇನೆ. ಕೆಂಗೇರಿಯಿಂದ ಇಂದಿರಾನಗರಕ್ಕೆ ನೇರಳೆ ಮಾರ್ಗದಲ್ಲಿ ಹೋಗುವವರು. ಕೆಂಗೇರಿಯಲ್ಲಿ ಸೀಟು ಸಿಕ್ಕಿತು, ಕಂತು ಶುರು ಮಾಡಿದರು. 'ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದ್ರು, ಎದ್ದು ನಿಂತೆ, ಏನೂ ಕೇಳಿಸ್ಲಿಲ್ಲ, ಆಫ್ ಮಾಡ್ದೆ.' ಸಂಜೆ ಬರೀ ಹಾಡು. ಉಳಿದ ಭಾಗ ಮರುದಿನ ಬೆಳಗ್ಗೆ, ಮತ್ತೆ ಕೆಂಗೇರಿಯಿಂದ.

ಯಾವ ನಿಮಿಷದಲ್ಲಿ ಎಷ್ಟು ಜನ ಕೇಳುತ್ತಿದ್ದರು ಅಂತ ಕೇಳುವ ಆ್ಯಪ್‌ ತೋರಿಸುವ ಗ್ರಾಫ್‌ನಲ್ಲಿ ಆ ಕಂತಿನ ಮಧ್ಯದ ಇಳಿತ ನೋಡಿ ಸಂಪಾದಕರು ಅಲ್ಲಿದ್ದ ಸಂದರ್ಶನವನ್ನೇ ಕತ್ತರಿಸಲು ಹೊರಟಿದ್ದರು. ಇಳಿತ ಬೇಸರದ್ದೋ ರೈಲಿನದ್ದೋ ತಿಳಿಯಲು ನಾನು ಎರಡು ಸ್ಕ್ರೀನ್‌ಶಾಟ್ ಇಡುತ್ತೇನೆ, ಒಂದು ಬಿಡುಗಡೆಯ ಮರುದಿನ, ಇನ್ನೊಂದು ವಾರದ ನಂತರ. ಅರ್ಧಕ್ಕೆ ಬಿಟ್ಟವರು ಮರಳಿ ಬಂದು ಮುಗಿಸಿದ್ದರೆ ಎರಡನೆಯದರಲ್ಲಿ ಗ್ರಾಫ್‌ನ ಬಾಲ, ಅಂದರೆ ಕೊನೆಯ ಭಾಗ, ಮೇಲೇಳುತ್ತದೆ. ಬೇಸರವಾದರೆ ತಗ್ಗು ಹಾಗೇ ಉಳಿಯುತ್ತದೆ. ಆದರೆ ವಾರದಲ್ಲಿ ಹೊಸಬರೂ ಸೇರಿರುತ್ತಾರಲ್ಲ, ಅದಕ್ಕೇ ಗ್ರಾಫ್ ಒಂದನ್ನೇ ನೆಚ್ಚುವಂತಿಲ್ಲ, ಡೈರಿ ಪಕ್ಕದಲ್ಲಿರಬೇಕು. ಆ ಸಂದರ್ಶನದಲ್ಲಿ ಬಾಲ ಎದ್ದಿತು, ಡೈರಿಗಳೂ ಅದನ್ನೇ ಹೇಳಿದವು. ಕತ್ತರಿಸಲಿಲ್ಲ, ಮಧ್ಯದಲ್ಲಿ 'ಇಲ್ಲಿವರೆಗೆ ಏನಾಯ್ತು' ಅಂತ ಎರಡು ಸಾಲು ಸೇರಿಸಿದೆವು.

ಡೈರಿಗೆ ಜನ ಬೇಕೆಂದು ಕಂತಿನ ಕೊನೆಯಲ್ಲಿ ಕರೆ ಕೊಡಬೇಡಿ. ಕೊನೆವರೆಗೆ ಕೇಳುವವರಷ್ಟೇ ಬರುತ್ತಾರೆ, ನಮಗೆ ಬೇಕಾದವರು ಮೆಜೆಸ್ಟಿಕ್‌ನಲ್ಲೇ ಆಫ್ ಮಾಡಿರುತ್ತಾರೆ. ಮೊದಲ ಎರಡು ನಿಮಿಷದಲ್ಲೇ ಹೇಳಿಬಿಡಿ. ಡೈರಿ ಬರೆಯುತ್ತಿದ್ದೇನೆ ಅನ್ನುವ ಹುಮ್ಮಸ್ಸಿಗೇ ಜನ ಶುರುವಿನಲ್ಲಿ ಹೆಚ್ಚು ಕೇಳುವುದೂ ಉಂಟು, ಹಾಗಾಗಿ ಮೊದಲೆರಡು ದಿನದ ಉತ್ತರಗಳನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.