ಮೂರು ಕ್ಯಾನು ಎಣ್ಣೆ, ಒಂದು ಕೆಂಪು ದಾರ

ಮಜ್ಜಿಗೆ ಹುಲ್ಲಿನ ಎಣ್ಣೆ ಕೊಳ್ಳುವುದು ನನ್ನ ಕೆಲಸ. ಹುಲ್ಲಲ್ಲ, ಎಣ್ಣೆ. ಬೆಳೆಗಾರರ ಗುಂಪುಗಳು ತಾವೇ ಬಟ್ಟಿ ಇಳಿಸಿ ಕ್ಯಾನುಗಳಲ್ಲಿ ತುಂಬಿ ತರುತ್ತಾರೆ. ನಾನು ಸ್ಯಾಂಪಲ್ ತೆಗೆದು, ಸ್ಥಳದಲ್ಲೇ ಒಂದೆರಡು ಪರೀಕ್ಷೆ ಮಾಡಿ, ಪಾಸ್ ಅಥವಾ ರಿಜೆಕ್ಟ್ ಅಂತ ಟ್ಯಾಬ್‌ನಲ್ಲಿ ಒತ್ತುತ್ತೇನೆ. ಪಾಸ್ ಆದ ಲಾಟ್ ಗೋದಾಮಿಗೆ, ಅಲ್ಲಿಂದ ಎಣ್ಣೆಯಲ್ಲಿ ಏನೇನು ಎಷ್ಟೆಷ್ಟಿದೆ ಅಂತ ತೋರಿಸುವ ಜಿಸಿ ಪರೀಕ್ಷೆಗೆ, ಅಲ್ಲಿಂದ ಖರೀದಿದಾರರಿಗೆ. ತೋಟಗಾರಿಕೆ ಓದುವ ಹುಡುಗರು ನಮ್ಮಲ್ಲಿಗೆ ಒಂದು ವಾರ ತರಬೇತಿಗೆ ಬರುತ್ತಾರೆ. ಅವರಿಗೆ ಬಟ್ಟಿ ತೋರಿಸಿ ಕಳಿಸಿಬಿಡುತ್ತಿದ್ದೆ. ಈಗ ಈ ಕಥೆಯನ್ನೂ ಹೇಳುತ್ತೇನೆ. ಹೇಳುವಾಗ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಆ ದಿನ ಬಂದದ್ದು 14 ಕ್ಯಾನು. ಒಂದೊಂದರಲ್ಲಿ 25 ಕಿಲೋ. ಅವರ ಬಟ್ಟಿಯಲ್ಲಿ ಒಂದು ಟನ್ ಹಸಿ ಹುಲ್ಲಿಗೆ ಸುಮಾರು 4 ಕಿಲೋ ಎಣ್ಣೆ ಇಳಿಯುತ್ತದೆ. ಅಂದರೆ ನನ್ನ ಮುಂದೆ ಸಾಲಾಗಿ ನಿಂತಿದ್ದದ್ದು 85 ಟನ್ನಿಗೂ ಜಾಸ್ತಿ ಹುಲ್ಲು. ಕೊಯ್ದು, ಒಂದು ದಿನ ಬಾಡಿಸಿ, ಹೊತ್ತು, ಪಾತ್ರೆಗೆ ತುಳಿದು ತುಂಬಿ, ಎರಡು ಮೂರು ತಾಸು ಆವಿ ಕೊಟ್ಟು ಇಳಿಸಿದ್ದು. ಈ ಲೆಕ್ಕ ಆಗ ನನ್ನ ತಲೆಗೆ ಬರಲಿಲ್ಲ. ಆಮೇಲೆ ಬಂತು.

ಗುಂಪಿನಿಂದ ಏಳೆಂಟು ಜನ ಬಂದಿದ್ದರು. ಬಟ್ಟಿ ನೋಡಿಕೊಳ್ಳುವ ಅಕ್ಕ ಕ್ಯಾನುಗಳ ಪಕ್ಕ ನಿಂತಿದ್ದರು. ಕೊನೆಯ ಮೂರು ಕ್ಯಾನುಗಳ ಹಿಡಿಗೆ ಕೆಂಪು ದಾರ ಕಟ್ಟಿತ್ತು. ಏನಕ್ಕ ಇದು ಅಂತ ಕೇಳಿದೆ. "ಅದು ಮೇಲಿನ ತಾಕುಗಳ ಹುಲ್ಲಿಂದು ಸರ್. ವಾಸನೆ ಸ್ವಲ್ಪ ಬೇರೆ ಅನ್ನಿಸ್ತು, ಅದಕ್ಕೆ ಬೇರೆ ಇಟ್ಟೆ" ಅಂದರು. ನಾನು ಹೂಂ ಅಂದೆ. ಹೂಂ ಅಂದದ್ದು ಅಷ್ಟೇ, ಕೇಳಿಸಿಕೊಳ್ಳಲಿಲ್ಲ.

ನಾವು ಸ್ಥಳದಲ್ಲಿ ಮಾಡುವ ಮುಖ್ಯ ಪರೀಕ್ಷೆ ಆಲ್ಕೋಹಾಲಿನದು. ಸಿಲಿಂಡರಿನಲ್ಲಿ 1 ಎಂಎಲ್ ಎಣ್ಣೆ, ಅದಕ್ಕೆ 70 ಪರ್ಸೆಂಟ್ ಆಲ್ಕೋಹಾಲ್ ಸ್ವಲ್ಪ ಸ್ವಲ್ಪ ಬಿಟ್ಟು ಕುಲುಕಬೇಕು. ಮೊದಲು ಬೆಳ್ಳಗಾಗುತ್ತದೆ. ಒಳ್ಳೆಯ ಎಣ್ಣೆಯಾದರೆ 2ರಿಂದ 3 ಎಂಎಲ್ ಬೀಳುವಷ್ಟರಲ್ಲಿ ಗಾಜಿನ ಹಾಗೆ ತಿಳಿಯಾಗುತ್ತದೆ. ಸೀಮೆಎಣ್ಣೆಯನ್ನೋ ತೆಂಗಿನೆಣ್ಣೆಯನ್ನೋ ಬೆರೆಸಿದ್ದರೆ ತಿಳಿಯಾಗುವುದಿಲ್ಲ.

ಹನ್ನೊಂದು ಕ್ಯಾನು ಚಕಚಕ ಪಾಸ್. ಹನ್ನೆರಡನೆಯದು, ದಾರ ಕಟ್ಟಿದ ಮೊದಲನೆಯದು, ಬೆಳ್ಳಗಾಯಿತು. 3 ಎಂಎಲ್ ಆಯಿತು, ಬೆಳ್ಳಗೇ ಇತ್ತು. 5 ಆಯಿತು. 10 ಆಯಿತು. ಮಜ್ಜಿಗೆ ಹುಲ್ಲಿನ ಎಣ್ಣೆ ಮಜ್ಜಿಗೆ ಥರಾನೇ ಕೂತಿತ್ತು. ಸುತ್ತ ಮಾತು ನಿಂತಿತು. ಸಿಲಿಂಡರ್ ತೊಳೆದು ಒರೆಸಿ ಮತ್ತೆ ಮಾಡಿದೆ. ಅದೇ. ಹದಿಮೂರು, ಅದೇ. ಹದಿನಾಲ್ಕು, ಅದೇ. ಆಲ್ಕೋಹಾಲೇ ಕೆಟ್ಟಿರಬಹುದಾ ಅಂತ ಮೊದಲ ಕ್ಯಾನಿನ ಎಣ್ಣೆಗೆ ಹಾಕಿ ನೋಡಿದೆ. ತಕ್ಷಣ ತಿಳಿಯಾಯಿತು. ಅಲ್ಲಿಗೆ ನನ್ನ ಪ್ರಕಾರ ತೀರ್ಮಾನವಾಗಿತ್ತು.

ಕ್ಯಾನಿನ ತಳದಲ್ಲಿ ನೀರು ಉಳಿದಿದ್ದರೂ ಎಣ್ಣೆ ಮಂಕಾಗುತ್ತದೆ. ಎಣ್ಣೆ ನೀರಿಗಿಂತ ಹಗುರ, ನೀರು ಕೆಳಗೆ ಕೂತಿರುತ್ತದೆ. ತಳದಿಂದ ಸ್ಯಾಂಪಲ್ ತೆಗೆದು ಅದನ್ನೂ ನೋಡಿದೆ, ನೀರಿರಲಿಲ್ಲ. ಅಷ್ಟು ಮಾಡಿದ್ದಕ್ಕೇ ನನ್ನನ್ನು ನಾನು ಭಾರೀ ಜಾಗರೂಕ ಅಂದುಕೊಂಡೆ. ಮಾಡದೆ ಬಿಟ್ಟ ಪರೀಕ್ಷೆ ಎರಡು ನಿಮಿಷದ್ದು. ಒಂದು ಹನಿ ಎಣ್ಣೆಯನ್ನು ಕಾಗದದ ಮೇಲೆ ಬಿಟ್ಟು ಬಿಸಿ ತೋರಿಸಬೇಕು. ಮಜ್ಜಿಗೆ ಹುಲ್ಲಿನ ಎಣ್ಣೆ ಬಹುಪಾಲು ಹಾರಿಹೋಗುತ್ತದೆ. ತೆಂಗಿನೆಣ್ಣೆ ಇದ್ದರೆ ಜಿಡ್ಡಿನ ಕಲೆ ಹಾಗೇ ಉಳಿಯುತ್ತದೆ. ಕಾಗದ ಜೇಬಿನಲ್ಲೇ ಇತ್ತು.

ಅಕ್ಕ ಹತ್ತಿರ ಬಂದು, "ಆ ಹುಲ್ಲು ಬುಡದಲ್ಲಿ ದಪ್ಪ ಸರ್, ಎಲೆ ಅಗಲ. ಹೂವೂ ಬಿಡಲ್ಲ. ಅದಕ್ಕೇನಾದರೂ ಹೀಗಾಗ್ತಿದೆಯಾ?" ಅಂದರು. ನಾನು ಅಂದದ್ದು ಇಷ್ಟು: "ಹುಲ್ಲು ದಪ್ಪ ಇದ್ದರೆ ಎಣ್ಣೆ ಹಾಲಾಗಲ್ಲ ಅಕ್ಕ." ಇಬ್ಬರು ಮೂವರು ನಕ್ಕರು. ಆ ನಗುವನ್ನು ನಾನು ನನ್ನ ಕಡೆಯದು ಅಂದುಕೊಂಡೆ.

ಇನ್ನು ಟ್ಯಾಬ್. ರಿಜೆಕ್ಟ್ ಒತ್ತಿದರೆ ಕಾರಣ ಕೇಳುತ್ತದೆ. ನಾಲ್ಕೇ ಆಯ್ಕೆ: ನೀರು, ಬಣ್ಣ, ಕಲಬೆರಕೆ, ಇತರೆ. 'ಇತರೆ' ಒತ್ತಿದರೆ ಮ್ಯಾನೇಜರ್ ಒಪ್ಪಿಗೆ ಬೇಕು. ಅವರು ಒಪ್ಪುವ ತನಕ ಇಡೀ ಲಾಟ್‌ನ ಪೇಮೆಂಟ್ ಹೋಲ್ಡ್. ಅವರು ಎರಡು ದಿನ ಫೋನ್ ಎತ್ತುವುದಿಲ್ಲ. ಹಾಗಾಗಿ ನಮ್ಮಲ್ಲಿ ಯಾರೂ 'ಇತರೆ' ಒತ್ತುವುದಿಲ್ಲ. ಹನ್ನೊಂದು ಕ್ಯಾನಿನ ದುಡ್ಡಾದರೂ ಇವರಿಗೆ ಇವತ್ತೇ ಹೋಗಲಿ ಅಂತ, ನಾನೇನೋ ಉಪಕಾರ ಮಾಡುತ್ತಿರುವವನ ಹಾಗೆ, 'ಕಲಬೆರಕೆ' ಒತ್ತಿದೆ.

ಈ ತಂತ್ರಾಂಶ ರಿಜೆಕ್ಟ್ ಆದಾಗ ಗುಂಪಿನ ಎಲ್ಲ ಸದಸ್ಯರಿಗೂ ಸಂದೇಶ ಕಳಿಸುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಆದರೆ ಅದು ಕಣ್ಣೆದುರು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ಒಂದೇ ಸಲ ಏಳೆಂಟು ಜೇಬುಗಳಲ್ಲಿ ಫೋನು ಗುಂಯ್ ಅಂದಿತು. ಒಬ್ಬೊಬ್ಬರೇ ತೆಗೆದು ಓದಿದರು. ಆಮೇಲೆ ಎಲ್ಲರೂ ಅಕ್ಕನ ಕಡೆ ನೋಡಿದರು. ಅವರು ಏನೂ ಮಾತಾಡಲಿಲ್ಲ. ಮೂರು ಕ್ಯಾನುಗಳ ಮುಚ್ಚಳ ಬಿಗಿ ಮಾಡಿದರು, ಒಂದೊಂದಾಗಿ, ಬಹಳ ನಿಧಾನಕ್ಕೆ.

ಒಂಬತ್ತು ದಿನಕ್ಕೆ ಜಿಸಿ ರಿಪೋರ್ಟ್ ಬಂತು. ರಿಜೆಕ್ಟ್ ಆದದ್ದರ ಸ್ಯಾಂಪಲ್ಲನ್ನೂ ಕಳಿಸುವುದು ನಿಯಮ, ಅದೊಂದೇ ಪುಣ್ಯ. ಈ ಎಣ್ಣೆಗೆ ನಿಂಬೆ ವಾಸನೆ ಕೊಡುವ ಮುಖ್ಯ ಅಂಶ ಸಿಟ್ರಾಲ್, ಅದು 77 ಪರ್ಸೆಂಟ್. ಅದು ನಮಗೆ ಬೇಕಾದಷ್ಟೇ. ಸೀಮೆಎಣ್ಣೆ ಇದ್ದರೆ ಗ್ರಾಫಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಗೆರೆ ಏಳುತ್ತದೆ, ಒಂದೂ ಇರಲಿಲ್ಲ. ತೆಂಗಿನೆಣ್ಣೆ ಜಿಸಿಯಲ್ಲಿ ಹೀಗೆ ಕಾಣಿಸುವುದಿಲ್ಲ, ಅದು ಹಾರುವ ಎಣ್ಣೆಯೇ ಅಲ್ಲ. ಹಾಗಾಗಿ ಲ್ಯಾಬಿನ ಹುಡುಗಿ ಕಾಗದದ ಪರೀಕ್ಷೆ ತಾನೇ ಮಾಡಿದ್ದಳು. ಕಲೆ ಇಲ್ಲ. ಕೆಳಗೆ ಪೆನ್ನಿನಲ್ಲಿ ಒಂದು ಸಾಲು: ಮಿರ್ಸೀನ್ 13 ಪರ್ಸೆಂಟ್, ಸಿಟ್ರೇಟಸ್ ಇರಬೇಕು, ತೋಟ ನೋಡಿ.

ಮಜ್ಜಿಗೆ ಹುಲ್ಲು ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದರಲ್ಲಿ ಮುಖ್ಯವಾಗಿ ಎರಡು ಜಾತಿ ಇವೆ. ನಾವು ಕೊಳ್ಳುವುದು ಸಿಂಬೋಪೋಗಾನ್ ಫ್ಲೆಕ್ಸುವೋಸಸ್. ಚೆನ್ನಾಗಿ ಹೂ ಬಿಡುತ್ತದೆ, ಬೀಜದಿಂದಲೇ ಸಸಿ ಮಾಡಬಹುದು. ಇನ್ನೊಂದು ಸಿಂಬೋಪೋಗಾನ್ ಸಿಟ್ರೇಟಸ್. ಬುಡ ದಪ್ಪ, ಎಲೆ ಅಗಲ, ಹೂ ಬಿಡುವುದು ಬಲು ಅಪರೂಪ, ಹಾಗಾಗಿ ಬುಡ ಸೀಳಿದ ಸ್ಲಿಪ್ಪಿನಿಂದಲೇ ಬೆಳೆಸಬೇಕು. ಅಕ್ಕ ಹೇಳಿದ್ದು ಅಕ್ಷರಕ್ಕೆ ಅಕ್ಷರ ಇದೇ. ಎರಡರಲ್ಲೂ ಸಿಟ್ರಾಲ್ ಹೆಚ್ಚುಕಮ್ಮಿ ಒಂದೇ ಮಟ್ಟ. ಆದರೆ ಸಿಟ್ರೇಟಸ್ ಎಣ್ಣೆಯಲ್ಲಿ ಮಿರ್ಸೀನ್ ಅನ್ನುವ ಅಂಶ ಜಾಸ್ತಿ. ಅದರಲ್ಲಿ ಆಮ್ಲಜನಕವಿಲ್ಲ, ಬರೀ ಇಂಗಾಲ ಮತ್ತು ಜಲಜನಕ. ನೀರು ಬೆರೆತ ಆಲ್ಕೋಹಾಲಿನಲ್ಲಿ ಅದು ಕರಗಲ್ಲ. ಸೀಮೆಎಣ್ಣೆ ಕರಗದಿರುವುದೂ ಇದೇ ಕಾರಣಕ್ಕೆ. ಸಾಲದ್ದಕ್ಕೆ ಗಾಳಿ ತಾಗಿದರೆ ಮಿರ್ಸೀನ್ ಅಂಟಂಟಾಗುತ್ತದೆ, ಆಗ ಎಣ್ಣೆ ಕರಗುವುದು ಇನ್ನೂ ಕಷ್ಟ. ನನ್ನ ಸಿಲಿಂಡರ್ ಕರಗಲಿಲ್ಲ ಅಂತ ಹೇಳಿತ್ತು. ಯಾಕೆ ಕರಗಲಿಲ್ಲ ಅಂತ ಹೇಳಿರಲಿಲ್ಲ. ಅದನ್ನು ಸೇರಿಸಿದ್ದು ನಾನು.

ಮೇಲಿನ ತಾಕುಗಳಿಗೆ ಆ ಜಾತಿ ಹೇಗೆ ಹೋಯಿತು? ವಿತರಣೆ ರಿಜಿಸ್ಟರ್ ತೆಗೆಸಿದೆ. ಎರಡು ವರ್ಷದ ಹಿಂದೆ ನಮ್ಮದೇ ನರ್ಸರಿಯಲ್ಲಿ ಮಳೆಗೆ ಸಸಿ ಕೊಳೆತು ಕೊರತೆಯಾಗಿತ್ತು. ಗುರಿ ಮುಟ್ಟಬೇಕಲ್ಲ, ಮೇಲಿನವರು ಬೇರೆ ಕಡೆಯಿಂದ ಸ್ಲಿಪ್ ತರಿಸಿ ಹಂಚಿಸಿದ್ದರು. ರಿಜಿಸ್ಟರಿನಲ್ಲಿ ಜಾತಿಯ ಕಾಲಂನಲ್ಲಿ ಮೊದಲ ಸಾಲಿಗೆ ಫ್ಲೆಕ್ಸುವೋಸಸ್ ಅಂತ ಬರೆದು, ಕೆಳಗೆಲ್ಲ ಸುಮ್ನೆ ಎರಡೆರಡು ಗೀರು ಎಳೆದಿತ್ತು. ಪುಟದ ಕೊನೆಗೆ ಹಂಚಿದವರ ಸಹಿ. ನನ್ನದೇ.

ಆ ಮೂರು ಕ್ಯಾನು ವಾಪಸ್ ತರಿಸೋಣ ಅಂತ ಫೋನ್ ಮಾಡಿದೆ. ಆಗಲೇ ಹೋಗಿತ್ತು. 'ಕಲಬೆರಕೆ' ಅನ್ನುವ ಚೀಟಿ ಹೊತ್ತ ಎಣ್ಣೆಯನ್ನು ಅರ್ಧಕ್ಕಿಂತ ಕಡಿಮೆ ರೇಟಿಗೆ ಒಬ್ಬ ಸಂಗ್ರಹಕಾರ ಎತ್ತಿಕೊಂಡು ಹೋಗಿದ್ದ. ಅವನು ಮಾಡುವುದೇನು ಅಂತ ಈ ಕಸುಬಿನವರಿಗೆಲ್ಲ ಗೊತ್ತು. ಬೇರೆ ಹತ್ತು ಕ್ಯಾನಿನ ಜೊತೆ ಕಲಸುತ್ತಾನೆ, ಅಷ್ಟೇ. ಅನುಮಾನ ಬಂದು ನಾನೂ ಉಳಿದ ಸ್ಯಾಂಪಲ್‌ಗಳನ್ನು ಹನ್ನೊಂದಕ್ಕೆ ಮೂರರ ಲೆಕ್ಕದಲ್ಲಿ ಬೆರೆಸಿ ಆಲ್ಕೋಹಾಲ್ ಹಾಕಿದೆ. 3 ಎಂಎಲ್‌ಗೆ ತಿಳಿಯಾಯಿತು. ಮಿರ್ಸೀನ್ ಅಷ್ಟು ತೆಳುವಾಗಿಹೋಗಿತ್ತು.

ನಿಜಕ್ಕೂ ಆ ಎಣ್ಣೆಗೆ ನೇರ ಗಿರಾಕಿಯೇ ಇದ್ದ. ಎಣ್ಣೆಯಿಂದ ಸಿಟ್ರಾಲ್ ಬೇರ್ಪಡಿಸಿ ಅಯೋನೋನ್ ಅನ್ನುವ ಇನ್ನೊಂದು ರಾಸಾಯನಿಕ ಮಾಡುವವರಿಗೆ ಆಲ್ಕೋಹಾಲಿನಲ್ಲಿ ಕರಗುತ್ತದೋ ಇಲ್ಲವೋ ಮುಖ್ಯವಲ್ಲ, ಸಿಟ್ರಾಲ್ ಎಷ್ಟಿದೆ ಅನ್ನುವುದೇ ಲೆಕ್ಕ. ತಿಳಿಯಾಗಿ ಕರಗಬೇಕು ಅನ್ನುವವರು ಸುಗಂಧ ತಯಾರಿಸುವವರು, ಏಕೆಂದರೆ ಅವರು ಅದನ್ನು ಆಲ್ಕೋಹಾಲಿಗೇ ಹಾಕುತ್ತಾರೆ. ನಾವು ಹೆಚ್ಚು ಮಾರುವುದು ಈ ಎರಡನೆಯವರಿಗೆ. ಹಾಗಾಗಿ ಅವರ ಒಂದು ಷರತ್ತೇ ನಮ್ಮ ಕೇಂದ್ರದಲ್ಲಿ ಒಳ್ಳೆಯದು, ಕೆಟ್ಟದ್ದು ಅನ್ನುವುದರ ಅರ್ಥವಾಗಿಬಿಟ್ಟಿತ್ತು. ಸಿಟ್ರಾಲ್‌ನವರ ರೇಟು ಸ್ವಲ್ಪ ಕಮ್ಮಿ, ನಿಜ. ಸಿಟ್ರಾಲನ್ನು ಕಾರ್ಖಾನೆಗಳಲ್ಲೂ ಮಾಡುತ್ತಾರಲ್ಲ, ಅದಕ್ಕಿಂತ ತೀರಾ ಮೇಲೆ ಅವರು ಹೋಗಲ್ಲ. ಆದರೂ ಆ ಸಂಗ್ರಹಕಾರ ಕೊಟ್ಟದ್ದಕ್ಕಿಂತ ಬಹಳ ಮೇಲು. 75 ಕಿಲೋ ಎಣ್ಣೆ. 18 ಟನ್ನಿಗೂ ಜಾಸ್ತಿ ಹುಲ್ಲು. ಲೆಕ್ಕ ಆಗ ಬಂತು ತಲೆಗೆ.

ತಿದ್ದುಪಡಿ ಸಂದೇಶ ಕಳಿಸಲು ತಂತ್ರಾಂಶದಲ್ಲಿ ದಾರಿಯೇ ಇರಲಿಲ್ಲ. ರಿಜೆಕ್ಟ್ ಎಲ್ಲರಿಗೂ ತಾನಾಗಿಯೇ ಹೋಗುತ್ತದೆ, ತಪ್ಪಾಯಿತು ಅನ್ನುವುದು ಹೋಗುವುದಿಲ್ಲ. ಆಯ್ಕೆಗಳ ಪಟ್ಟಿಗೆ 'ಬೇರೆ ಜಾತಿ' ಅಂತ ಸೇರಿಸಿ ಅಂತ ಮೂರು ಸಲ ಮೇಲ್ ಹಾಕಿದ್ದೇನೆ. ಮುಂದಿನ ಆವೃತ್ತಿಯಲ್ಲಿ ನೋಡೋಣ ಅಂತ ಮೂರು ಸಲ ಉತ್ತರ ಬಂದಿದೆ. ನಾನು ಮಾತ್ರ ಈಗ ಎಷ್ಟೇ ಹೊತ್ತಾದರೂ 'ಇತರೆ' ಒತ್ತುತ್ತೇನೆ. ಸ್ಯಾಂಪಲ್ ತೆಗೆಯುವ ಮುಂಚೆ ಯಾವ ತಾಕು, ಬೀಜದ್ದೋ ಸ್ಲಿಪ್ಪಿಂದೋ, ಹೂ ಬಿಟ್ಟಿತ್ತಾ ಅಂತ ಕೇಳಿ ಬರೆದುಕೊಳ್ಳುತ್ತೇನೆ. ಬೈಸಿಕೊಳ್ಳುತ್ತಲೂ ಇರುತ್ತೇನೆ.

ಗುಂಪಿನವರ ಬಳಿಗೆ ನಾನೇ ಹೋದೆ. ರಿಪೋರ್ಟ್ ಓದಿ ಹೇಳಿದೆ, ರಿಜಿಸ್ಟರಿನ ಪುಟವನ್ನೂ ತೋರಿಸಿದೆ. ಕೆಲವರು ಬೈದರು, ಕೆಲವರು ಎದ್ದು ಹೋದರು. ಒಮ್ಮೆ ನೆಟ್ಟ ಹುಲ್ಲು ನಾಲ್ಕೈದು ವರ್ಷ ಇರುತ್ತದೆ, ಕಿತ್ತು ಮತ್ತೆ ನೆಡುವ ಖರ್ಚನ್ನು ನಮ್ಮವರು ಕೊಡಲು ಒಪ್ಪಲಿಲ್ಲ. ಹಾಗಾಗಿ ಆ ತಾಕುಗಳ ಎಣ್ಣೆಯನ್ನು ಬೇರೆಯಾಗಿಯೇ ಸಿಟ್ರಾಲ್‌ನವರಿಗೆ ಕಳಿಸುವುದು ಅಂತ ಆಯಿತು.

ಹೊರಡುವಾಗ ಅಕ್ಕ ಬಟ್ಟಿಯ ಹತ್ತಿರ ಸಿಕ್ಕರು. ಆವಿ ಇನ್ನೂ ಏಳುತ್ತಿತ್ತು. ಕೈಯಲ್ಲಿ ಹೊಸ ಕ್ಯಾನು, ಹಿಡಿಗೆ ಕೆಂಪು ದಾರ.

"ಸರ್, ನಾನು ಅವತ್ತು ಬೇರೆ ಇಡದೆ ಎಲ್ಲಾ ಕಲಸಿಬಿಟ್ಟಿದ್ದರೆ ಪಾಸ್ ಆಗ್ತಿತ್ತು ಅಲ್ವಾ?"

"ಆಗ್ತಿತ್ತು ಅಕ್ಕ" ಅಂದೆ.

ಅವರು ದಾರದ ಗಂಟನ್ನು ಇನ್ನೊಂದು ಸುತ್ತು ಬಿಗಿದು ಕ್ಯಾನನ್ನು ನೆರಳಿಗೆ ಇಟ್ಟರು.