ಅಗ್ರಹಾರದ ಬೀದಿಗೆ ಹಿಮ

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಮೈಸೂರಿನ ಅಗ್ರಹಾರದಲ್ಲಿ ತೆಗೆದಿದ್ದ ಬೀದಿಯ ಚಿತ್ರವೊಂದಕ್ಕೆ ಇಂದು ಫೋಟೊ ಎಡಿಟಿಂಗ್‌ನಲ್ಲಿ ಹಿಮ ಸುರಿಸಲು ಕುಳಿತೆ. ನಮ್ಮೂರಿಗೆ ಹಿಮ ಬರಲು ಬೇರೆ ದಾರಿಯೂ ಇಲ್ಲ.

ನೆಲವನ್ನೂ ಮನೆಗಳ ಮಾಡನ್ನೂ ಮಾತ್ರ ಆಯ್ದು ಬ್ರೈಟ್‌ನೆಸ್ ಏರಿಸಿದಾಗ, ಕೆಂಪು ಹೆಂಚು ಬೆಳ್ಳಗಾಗುವ ಬದಲು ಗುಲಾಬಿಯಾಯಿತು. ಬಣ್ಣವನ್ನು ಉಳಿಸಿಕೊಂಡು ಬೆಳಕು ಹೆಚ್ಚಿಸಿದರೆ ಹೀಗೆಯೇ ಆಗುತ್ತದೆ. ಆದ್ದರಿಂದ ಮೊದಲು ಬಣ್ಣದ ಗಾಢತೆಯಾದ ಸ್ಯಾಚುರೇಶನ್ ಅನ್ನು ಬಹುತೇಕ ಸೊನ್ನೆಗೆ ಇಳಿಸಿ, ಆಮೇಲೆ ಬೆಳಕು-ಕತ್ತಲೆ ಹೊಂದಿಸುವ ಕರ್ವ್ಸ್‌ನಲ್ಲಿ ಬೆಳಕನ್ನು ಮೇಲೆತ್ತಿದೆ; ಅಚ್ಚ ಬಿಳಿಯಾದ 255ರವರೆಗೆ ಹೋಗದೆ 240ರ ಆಸುಪಾಸಿನಲ್ಲಿ ನಿಲ್ಲಿಸಿದೆ, ಇಲ್ಲವಾದರೆ ಹಿಮದ ಉಬ್ಬುತಗ್ಗೆಲ್ಲ ಅಳಿಸಿಹೋಗಿ ಬಿಳಿ ಕಾಗದ ಅಂಟಿಸಿದಂತೆ ಕಾಣುತ್ತದೆ.

ಆದರೂ ಅದು ಹಿಮವೆನಿಸಲಿಲ್ಲ, ಹೆಂಚಿಗೆ ಸುಣ್ಣ ಬಳಿದಂತಿತ್ತು. ಹೆಂಚುಗಳ ನಡುವಿನ ಗೆರೆಗಳು ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದುದೇ ಅದಕ್ಕೆ ಕಾರಣ. ದಪ್ಪ ಹಿಮ ಆ ಗೆರೆಗಳನ್ನು ಮುಚ್ಚಬೇಕು. ಮಾಡಿನ ನಡುಭಾಗವನ್ನು ಮಸುಕುಗೊಳಿಸಿ, ಸೂರಿನ ಅಂಚಿನ ಒಂದು ಸಾಲು ಹೆಂಚನ್ನು ಮಾತ್ರ ಕೆಂಪಾಗಿಯೇ ಬಿಟ್ಟೆ.

ನೀಲಿಯ ವಿಷಯದಲ್ಲಿ ಹೆಚ್ಚು ಹೊತ್ತು ಹೋಯಿತು. ಇಡೀ ಚಿತ್ರವನ್ನು ನೀಲಿಯತ್ತ ಸರಿಸಿದರೆ ಹಗಲೇ ಬೆಳದಿಂಗಳಿನಂತಾಗುತ್ತದೆ. ಬಿಸಿಲು ಬಿದ್ದ ಹಿಮ ಬಿಳಿಯಾಗಿಯೇ ಇರುತ್ತದೆ. ನೆರಳಿನ ಹಿಮಕ್ಕೆ ಆಕಾಶದ ಬೆಳಕು ಮಾತ್ರ ತಲುಪುವುದರಿಂದ ಅದು ನೀಲಿಯಾಗುತ್ತದೆ. ಹಾಗಾಗಿ ನೆರಳುಗಳನ್ನಷ್ಟೇ ತಂಪು ಬಣ್ಣಕ್ಕೆ ತಿರುಗಿಸಿದೆ. ಕಂಬದ ಗಿಡ್ಡ ನೆರಳು ಹಿಮದ ಮೇಲೆ ನೀಲಿಯಾದಾಗ ಬೀದಿ ಮೊದಲ ಬಾರಿಗೆ ತಣ್ಣಗಾಯಿತು.

ಇಷ್ಟೆಲ್ಲ ಮಾಡಿದ ಮೇಲೆ ನೋಡುತ್ತೇನೆ, ಜಗುಲಿಯ ಮೇಲೆ ಪಂಚೆ, ಬನಿಯನ್ನಿನಲ್ಲಿ ಕುಳಿತ ಹಿರಿಯರೊಬ್ಬರು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಲೇ ಇದ್ದಾರೆ.